ಎಡಗಡೆಯ ಉಬ್ಬಿದ ನರ

ಪೀಣ್ಯದ ಲೇತ್ ಕಾರ್ಖಾನೆಯಲ್ಲಿ ದಿನಕ್ಕೆ ಹತ್ತು ತಾಸು ನಿಂತು ಕೆಲಸ ಮಾಡುವ 32ರ ಯುವಕನೊಬ್ಬನನ್ನು ಕಣ್ಣ ಮುಂದೆ ತಂದುಕೊಳ್ಳಿ. ಯೂರಾಲಜಿ ವಿಭಾಗದ ಬಾಗಿಲಲ್ಲಿ ಕಾಯುವ ಹಲವರ ಕಥೆಗಳನ್ನು ಕೂಡಿಸಿ ಬರೆದ ಚಿತ್ರ ಇದು. ಮದುವೆಯಾಗಿ ಮೂರು ವರ್ಷವಾಗಿದೆ, ಮಗುವಾಗಿಲ್ಲ. ಹೆಂಡತಿಗೆ 28. ಅವಳ ಸ್ಕ್ಯಾನ್, ಹಾರ್ಮೋನು, ಗರ್ಭನಾಳದ ಪರೀಕ್ಷೆ ಎಲ್ಲ ಮುಗಿದು, ಎಲ್ಲವೂ ಸರಿ ಎಂದು ಬಂದ ಮೇಲೆ ಇವನ ಸರದಿ ಬಂತು. ನಮ್ಮ ಮನೆಗಳಲ್ಲಿ ಕ್ರಮ ಹೀಗೇ ಇದೆ, ಮತ್ತು ಇದು ತಪ್ಪು. ಗಂಡನ ವೀರ್ಯ ಪರೀಕ್ಷೆಗೆ ಸೂಜಿ ಬೇಡ, ಖರ್ಚೂ ಕಡಿಮೆ. ಮೊದಲ ವಾರದಲ್ಲೇ ಅದಾಗಿದ್ದರೆ ಆ ಹೆಣ್ಣುಮಗಳಿಗೆ ಎಷ್ಟೋ ನೋವು ತಪ್ಪುತ್ತಿತ್ತು.

ಸಂಜೆ ಹೊತ್ತಿಗೆ ಎಡ ಬೀಜ ಭಾರವಾದಂತೆ, ಜಗ್ಗಿದಂತೆ ಅನಿಸುತ್ತಿತ್ತು. ರಾತ್ರಿ ಮಲಗಿದರೆ ಹಗುರವಾಗುತ್ತಿತ್ತು. ನಿಂತು ಮಾಡುವ ಕೆಲಸ, ಅದರಿಂದಲೇ ಇರಬೇಕು ಎಂದು ಅವನು ಯಾರಿಗೂ ಹೇಳಿರಲಿಲ್ಲ. ವೈದ್ಯರು ಅವನನ್ನು ನಿಲ್ಲಿಸಿ ಕೈಯಿಂದ ಮುಟ್ಟಿ ನೋಡಿದರು. ಎಡ ವೃಷಣದ ಮೇಲ್ಗಡೆ ಬೆಂದ ಶಾವಿಗೆಯ ಮುದ್ದೆಯಂಥದೊಂದು ಮೆತ್ತನೆಯ ಗಂಟು ಸಿಕ್ಕಿತು. ಉಸಿರು ಬಿಗಿಹಿಡಿದು ತಿಣುಕಲು ಹೇಳಿದಾಗ ಅದು ಇನ್ನಷ್ಟು ತುಂಬಿಕೊಂಡಿತು, ಮಲಗಿಸಿದಾಗ ಇಳಿದುಹೋಯಿತು. ಇದೇ ವ್ಯಾರಿಕೋಸೀಲ್. ಕಾಲಿನಲ್ಲಿ ನರ ಉಬ್ಬುವಂತೆ ವೃಷಣದಿಂದ ಅಶುದ್ಧ ರಕ್ತವನ್ನು ಮೇಲಕ್ಕೆ ಒಯ್ಯುವ ಅಭಿಧಮನಿಗಳು ಉಬ್ಬಿ ಸುರುಳಿಗಟ್ಟುವುದು. ಸುಮಾರು ನೂರಕ್ಕೆ ಹದಿನೈದು ಗಂಡಸರಲ್ಲಿ ಇದು ಇರುತ್ತದೆ. ಮಕ್ಕಳಾಗದೆ ಪರೀಕ್ಷೆಗೆ ಬರುವ ಗಂಡಸರನ್ನಷ್ಟೇ ಎಣಿಸಿದರೆ ಮೂರರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಯಲ್ಲಿ ಕಾಣುತ್ತದೆ. ಆದರೂ ಇದನ್ನು ಹೊತ್ತುಕೊಂಡೇ ಮಕ್ಕಳು ಮೊಮ್ಮಕ್ಕಳನ್ನು ಕಂಡವರು ಬೇಕಾದಷ್ಟಿದ್ದಾರೆ. ಯಾರಿಗೆ ಚಿಕಿತ್ಸೆ ಬೇಕು, ಯಾರಿಗೆ ಬೇಡ ಎಂಬುದು ಸುಲಭದ ಪ್ರಶ್ನೆಯಾಗದೆ ಇರುವುದು ಇದಕ್ಕೇ.

ಎಡಗಡೆಯೇ ಏಕೆ? ಬಲ ವೃಷಣದ ಅಭಿಧಮನಿ ಹೊಟ್ಟೆಯೊಳಗಿನ ದೊಡ್ಡ ಮಹಾಸಿರೆಗೆ ಓರೆಯಾಗಿ, ಸಲೀಸಾಗಿ ಸೇರುತ್ತದೆ. ಎಡಗಡೆಯದು ಇನ್ನೂ ಉದ್ದ ಏರಿ, ಎಡ ಮೂತ್ರಪಿಂಡದ ಅಭಿಧಮನಿಗೆ ನೇರ ಕಟ್ಟುಕೋನದಲ್ಲಿ ಹೋಗಿ ಬೀಳುತ್ತದೆ. ಆ ಮೂತ್ರಪಿಂಡದ ಅಭಿಧಮನಿಯೂ ಎರಡು ದೊಡ್ಡ ಅಪಧಮನಿಗಳ ನಡುವೆ ನುಸುಳಿ ಬರಬೇಕು, ಕೆಲವರಲ್ಲಿ ಅಲ್ಲಿ ಒತ್ತಿಕೊಳ್ಳುತ್ತದೆ. ಹೀಗೆ ಎಡಗಡೆ ರಕ್ತದ ಕಂಬ ಎತ್ತರ, ಒತ್ತಡ ಹೆಚ್ಚು. ಒಳಗಿನ ಕವಾಟಗಳು ಸೋತರೆ ರಕ್ತ ಹಿಂದಕ್ಕೆ ಇಳಿದು ಕೆಳಗೆ ನಿಲ್ಲುತ್ತದೆ. ಹತ್ತರಲ್ಲಿ ಎಂಟೊಂಬತ್ತು ಮಂದಿಗೆ ಎಡಗಡೆಯೇ ಕಾಣುವುದು ಈ ರಚನೆಯಿಂದ. ಬಲಗಡೆ ಮಾತ್ರ ಹೊಸದಾಗಿ ಉಬ್ಬಿದರೆ, ಅಥವಾ ವಯಸ್ಸಾದವರಲ್ಲಿ ಥಟ್ಟನೆ ಬಂದು ಮಲಗಿದರೂ ಇಳಿಯದಿದ್ದರೆ, ಮೇಲೆಲ್ಲೋ ಗಡ್ಡೆ ಆ ನಾಳವನ್ನು ಒತ್ತುತ್ತಿರಬಹುದು. ಆಗ ಹೊಟ್ಟೆಯ ಸ್ಕ್ಯಾನ್ ಮಾಡಿಸಿ ಮೂತ್ರಪಿಂಡವನ್ನು ನೋಡಲೇಬೇಕು.

ವೀರ್ಯಾಣು ತಯಾರಾಗಲು ದೇಹಕ್ಕಿಂತ ಎರಡು ಮೂರು ಡಿಗ್ರಿ ತಂಪು ಬೇಕು. ವೃಷಣಗಳು ಹೊರಗೆ ಚೀಲದಲ್ಲಿ ತೂಗುವುದು ಅದಕ್ಕಾಗಿ. ಆದರೆ ಅಲ್ಲಿಗೆ ಬರುವ ರಕ್ತ ದೇಹದ ಬಿಸಿಯದ್ದೇ. ಅದನ್ನು ಆರಿಸುವ ವ್ಯವಸ್ಥೆ ನಮ್ಮ ಅಡುಗೆಮನೆಯದೇ ಉಪಾಯ: ಬಿಸಿ ಹಾಲಿನ ಪಾತ್ರೆಯನ್ನು ತಣ್ಣೀರಿನ ಬೋಗುಣಿಯಲ್ಲಿ ಇಡುತ್ತೇವಲ್ಲ, ಹಾಗೆ. ವೃಷಣಕ್ಕೆ ಇಳಿಯುವ ಅಪಧಮನಿಯ ಸುತ್ತ, ಚೀಲದಲ್ಲಿ ತಂಪಾಗಿ ಮೇಲೇರುತ್ತಿರುವ ಸಣ್ಣ ಅಭಿಧಮನಿಗಳ ಬಲೆ ಹೆಣೆದುಕೊಂಡಿರುತ್ತದೆ. ವ್ಯಾರಿಕೋಸೀಲ್‌ನಲ್ಲಿ ಹೊಟ್ಟೆಯ ಬೆಚ್ಚನೆಯ ರಕ್ತವೇ ಹಿಂದಿರುಗಿ ಈ ಬಲೆಯನ್ನು ತುಂಬುತ್ತದೆ. ಬೋಗುಣಿಯ ನೀರೇ ಬಿಸಿಯಾದ ಮೇಲೆ ಹಾಲು ಆರುವುದು ಹೇಗೆ? ಚೀಲ ಒಂದೇ ಆದ್ದರಿಂದ ಎಡಗಡೆಯ ತೊಂದರೆಯ ಬಿಸಿ ಬಲ ವೃಷಣಕ್ಕೂ ತಟ್ಟುತ್ತದೆ. ಜೊತೆಗೆ ಆಮ್ಲಜನಕದ ಉಗ್ರ ಕಣಗಳು ಹೆಚ್ಚಿ ವೀರ್ಯಾಣುವಿನ ಡಿಎನ್‌ಎಗೂ ಪೆಟ್ಟು ಬೀಳುತ್ತದೆ. ಸಂಖ್ಯೆ ಕುಗ್ಗುತ್ತದೆ, ಚಲನೆ ನಿಧಾನವಾಗುತ್ತದೆ, ಆಕಾರ ಕೆಡುತ್ತದೆ.

ಆ ಯುವಕನ ವರದಿಯಲ್ಲಿ ಒಂದು ಮಿಲಿಲೀಟರ್‌ಗೆ 9 ಮಿಲಿಯನ್, ಅಂದರೆ 90 ಲಕ್ಷ ವೀರ್ಯಾಣುಗಳಿದ್ದವು. ಮುಂದಕ್ಕೆ ಸಾಗುತ್ತಿದ್ದವು ನೂರಕ್ಕೆ 22. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪ್ರಕಟಿಸಿದ ಕೆಳಮಿತಿ 16 ಮಿಲಿಯನ್ ಮತ್ತು ನೂರಕ್ಕೆ 30. ಒಂದೇ ವರದಿ ನೋಡಿ ಯಾರೂ ತೀರ್ಮಾನಕ್ಕೆ ಬರಬಾರದು. ಒಂದು ಜ್ವರ ಬಂದು ಹೋದರೂ ಮುಂದಿನ ಎರಡು ತಿಂಗಳು ಕೌಂಟ್ ಇಳಿದಿರಬಹುದು. ಎರಡರಿಂದ ಏಳು ದಿನ ಸಂಯಮವಿದ್ದು ಕೊಟ್ಟ ಮಾದರಿಯೇ ಹೋಲಿಕೆಗೆ ಬರುವಂಥದ್ದು. ಐದು ವಾರ ಬಿಟ್ಟು ಮತ್ತೆ ಮಾಡಿಸಿದಾಗ 11 ಮಿಲಿಯನ್ ಬಂತು. ಎಡ ವೃಷಣ ಬಲಕ್ಕಿಂತ ಚಿಕ್ಕದೂ ಆಗಿತ್ತು. ಹೀಗೆ ಕುಗ್ಗುವುದನ್ನು ಒಂದನೇ ಶತಮಾನದ ರೋಮಿನ ಸೆಲ್ಸಸ್ ಆಗಲೇ ಗಮನಿಸಿ ಬರೆದಿದ್ದ.

ಟೆಸ್ಟೋಸ್ಟೆರಾನ್ ವಿಷಯ ಇನ್ನೂ ನಾಜೂಕು. ವೀರ್ಯಾಣು ತಯಾರಿಸುವ ನಳಿಕೆಗಳ ಮಧ್ಯದಲ್ಲಿರುವ ಲೇಡಿಗ್ ಕೋಶಗಳು ಈ ಹಾರ್ಮೋನನ್ನು ಸ್ರವಿಸುತ್ತವೆ. ಬಿಸಿ ಅವಕ್ಕೂ ತಾಗುತ್ತದೆ. ವ್ಯಾರಿಕೋಸೀಲ್ ಇರುವ ಗಂಡಸರ ಸರಾಸರಿ ಟೆಸ್ಟೋಸ್ಟೆರಾನ್ ಸ್ವಲ್ಪ ಕೆಳಗಿರುತ್ತದೆ. ಹಾಗೆಂದು ವ್ಯಾರಿಕೋಸೀಲ್ ಇದ್ದವರಿಗೆಲ್ಲ ಹಾರ್ಮೋನು ಕಡಿಮೆ ಎಂದಲ್ಲ. ಬಹಳಷ್ಟು ಜನರದು ಮಿತಿಯೊಳಗೇ ಇರುತ್ತದೆ, ಅವರ ಗಂಡಸುತನಕ್ಕೆ ಏನೂ ಆಗಿರುವುದಿಲ್ಲ. ಬೆಳಿಗ್ಗೆ ಹೆಚ್ಚಿದ್ದು ದಿನ ಏರಿದಂತೆ ಇಳಿಯುವ ಹಾರ್ಮೋನು ಇದು. ಬೆಳಗಿನ ಹೊತ್ತು, ಖಾಲಿ ಹೊಟ್ಟೆಯಲ್ಲಿ, ಬೇರೆ ಬೇರೆ ದಿನ ಎರಡು ಸಲ ನೋಡಬೇಕು. ನಮ್ಮ ಯುವಕನದು ಮೊದಲ ದಿನ ಒಂದು ಡೆಸಿಲೀಟರ್‌ಗೆ 280 ನ್ಯಾನೋಗ್ರಾಂ, ಇನ್ನೊಂದು ದಿನ 310. ಸಾಮಾನ್ಯವಾಗಿ 300ರ ಕೆಳಗಿದ್ದರೆ ಕಡಿಮೆ ಎನ್ನುತ್ತಾರೆ, ಇವನು ಗೆರೆಯ ಮೇಲೆಯೇ ನಿಂತಿದ್ದ.

ಇಲ್ಲೊಂದು ಅಪಾಯವಿದೆ, ಇದನ್ನು ಬಿಡಿಸಿಯೇ ಹೇಳಬೇಕು. ಅವನ ಜಿಮ್ ಗೆಳೆಯನ ಸಲಹೆ: ‘ಟೆಸ್ಟೋಸ್ಟೆರಾನ್ ಇಂಜೆಕ್ಷನ್ ತಗೊಳ್ಳೋ ಮಾರಾಯ, ಎಲ್ಲಾ ಸರಿಹೋಗುತ್ತೆ.’ ಕೇಳಲು ಸರಿಯೆನಿಸುವ ಈ ಮಾತು ಮಗು ಬೇಕಾದವನಿಗೆ ವಿಷ. ಹೊರಗಿನಿಂದ ಹಾರ್ಮೋನು ಬಂದ ಕೂಡಲೇ ಮೆದುಳಿನ ಬುಡದ ಪಿಟ್ಯೂಟರಿ ಗ್ರಂಥಿ, ರಕ್ತದಲ್ಲಿ ಸಾಕಷ್ಟಿದೆ ಎಂದು ತಿಳಿದು ವೃಷಣಕ್ಕೆ ಆದೇಶ ಕಳಿಸುವುದನ್ನು ನಿಲ್ಲಿಸುತ್ತದೆ. ವೃಷಣದೊಳಗೆ ರಕ್ತಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಟೆಸ್ಟೋಸ್ಟೆರಾನ್ ಇದ್ದರೆ ಮಾತ್ರ ವೀರ್ಯಾಣು ಹುಟ್ಟುತ್ತದೆ. ಸೂಜಿಯ ಮದ್ದು ಆ ಮಟ್ಟಕ್ಕೆ ಮುಟ್ಟುವುದಿಲ್ಲ. ಕೆಲವೇ ತಿಂಗಳಲ್ಲಿ ಕೌಂಟ್ ಸೊನ್ನೆಗೆ ಇಳಿಯಬಹುದು. ಮದ್ದು ನಿಲ್ಲಿಸಿದರೂ ಮರಳಲು ತಿಂಗಳುಗಳು, ಕೆಲವರಿಗೆ ಅದಕ್ಕಿಂತ ಹೆಚ್ಚು ಕಾಲ ಬೇಕು.

ಹಾಗಾದರೆ ಶಸ್ತ್ರಚಿಕಿತ್ಸೆ ಯಾರಿಗೆ? ಕೈಗೆ ಸಿಗುವ ವ್ಯಾರಿಕೋಸೀಲ್ ಇರಬೇಕು, ಮಗುವಿಗಾಗಿ ಪ್ರಯತ್ನ ನಡೆದಿರಬೇಕು, ವೀರ್ಯದ ವರದಿ ಕೆಟ್ಟಿರಬೇಕು, ಹೆಂಡತಿಯ ಕಡೆ ಗರ್ಭಧಾರಣೆಗೆ ಅವಕಾಶವಿರಬೇಕು. ಇವೆಲ್ಲ ಕೂಡಿದಾಗ ಚಿಕಿತ್ಸೆಯ ಮಾತು ಎತ್ತಬಹುದು. ಡಾಪ್ಲರ್ ಸ್ಕ್ಯಾನ್‌ನಲ್ಲಿ ಮಾತ್ರ ಕಂಡು ಕೈಗೆ ಸಿಗದ ಉಬ್ಬನ್ನು ಕಟ್ಟುವುದರಿಂದ ಲಾಭವಿಲ್ಲ ಎಂಬುದು ಈಗಿನ ಒಪ್ಪಿತ ನಿಲುವು. ಸ್ಕ್ಯಾನ್ ಕಾಗದ ಹಿಡಿದು ಆಪರೇಷನ್ ದಿನಾಂಕ ಕೇಳುವವರು ಮೊದಲು ತಿಳಿಯಬೇಕಾದದ್ದು ಇದು. ಟೆಸ್ಟೋಸ್ಟೆರಾನ್ ಕಡಿಮೆ ಇದ್ದವರಲ್ಲಿ ಶಸ್ತ್ರಚಿಕಿತ್ಸೆಯ ನಂತರ ಸರಾಸರಿ ನೂರರಷ್ಟು ಏರಿದ್ದನ್ನು ಅಧ್ಯಯನಗಳು ತೋರಿಸಿವೆ, ಮೊದಲೇ ಸರಿಯಿದ್ದವರಲ್ಲಿ ಅಂಥ ಏರಿಕೆ ಇಲ್ಲ. ಬರೀ ಹಾರ್ಮೋನಿಗಾಗಿ ಕಟ್ಟಿಸುವುದು ಇನ್ನೂ ಸರ್ವಸಮ್ಮತವಾಗಿಲ್ಲ. ನೋವಿಗೆ ಮೊದಲು ಬಿಗಿಯಾದ ಒಳಉಡುಪಿನ ಆಸರೆ ಕೊಟ್ಟು ನೋಡಬೇಕು. ಮೂತ್ರದ ಕಲ್ಲು, ಹರ್ನಿಯಾ, ಸೊಂಟದ ನರದ ನೋವು ಅಲ್ಲವೆಂದು ಖಚಿತಪಡಿಸಿಕೊಳ್ಳಬೇಕು.

ಹದಿಹರೆಯದ ಹುಡುಗರ ಪ್ರಶ್ನೆ ಬೇರೆ. ಈ ತೊಂದರೆ ಶುರುವಾಗುವುದೇ ಆ ವಯಸ್ಸಿನಲ್ಲಿ, ಅವರು ಅಪ್ಪನಿಗೂ ಹೇಳುವುದಿಲ್ಲ. ಎಷ್ಟೋ ಹುಡುಗರಿಗೆ ಇದು ಮೊದಲು ಗೊತ್ತಾಗುವುದು ಸೇನಾ ಭರ್ತಿಯ ವೈದ್ಯಕೀಯ ತಪಾಸಣೆಯಲ್ಲಿ. ಎರಡೂ ವೃಷಣಗಳು ಸಮನಾಗಿ ಬೆಳೆಯುತ್ತಿದ್ದರೆ ವರ್ಷಕ್ಕೊಮ್ಮೆ ಅಳತೆ ನೋಡಿದರೆ ಸಾಕು. ಎಡಗಡೆಯದು ನೂರಕ್ಕೆ ಇಪ್ಪತ್ತಕ್ಕಿಂತ ಹೆಚ್ಚು ಹಿಂದೆ ಬಿದ್ದು, ಮುಂದಿನ ತಪಾಸಣೆಯಲ್ಲೂ ಹಾಗೇ ಉಳಿದಿದ್ದರೆ ಚಿಕಿತ್ಸೆಯ ಬಗ್ಗೆ ಮಾತಾಡಬೇಕು.

ಈಗ ಹೆಚ್ಚು ಒಲವಿರುವ ವಿಧಾನ ಸೂಕ್ಷ್ಮದರ್ಶಕದ ಅಡಿ ಮಾಡುವ ಶಸ್ತ್ರಚಿಕಿತ್ಸೆ. ತೊಡೆಸಂದಿಯ ಹತ್ತಿರ ಎರಡು ಮೂರು ಸೆಂಟಿಮೀಟರ್ ಕೊಯ್ದು ವೀರ್ಯರಜ್ಜುವನ್ನು ಹೊರಗೆಳೆಯುತ್ತಾರೆ. ಉಬ್ಬಿದ ಅಭಿಧಮನಿಗಳನ್ನು ಒಂದೊಂದಾಗಿ ಕಟ್ಟಿ ಕತ್ತರಿಸುತ್ತಾರೆ. ನಿಜವಾದ ಕೌಶಲ ಇರುವುದು ಕಟ್ಟದೆ ಉಳಿಸುವುದರಲ್ಲಿ. ನೂಲೆಳೆಯಂಥ ಅಪಧಮನಿ ಕತ್ತರಿಸಿಹೋದರೆ ವೃಷಣ ಬತ್ತಬಹುದು. ದುಗ್ಧನಾಳಗಳು ಕಟ್ಟಿಕೊಂಡರೆ ನೀರು ತುಂಬಿ ಹೈಡ್ರೋಸೀಲ್ ಆಗುತ್ತದೆ. ಒಂದೆರಡು ಅಭಿಧಮನಿ ಉಳಿದುಹೋದರೆ ಅವೇ ಹಿಗ್ಗಿ ವ್ಯಾರಿಕೋಸೀಲ್ ಮರಳುತ್ತದೆ. ನುರಿತ ಕೈಯಲ್ಲಿ ಹೀಗೆ ಮರಳುವುದು ನೂರಕ್ಕೆ ಒಂದೆರಡು. ಹಳೆಯ ತೆರೆದ ವಿಧಾನದಲ್ಲಿ ಇದಕ್ಕಿಂತ ಹೆಚ್ಚು. ಕೊಯ್ಯದೆ, ರಕ್ತನಾಳದೊಳಗಿಂದ ತೆಳು ನಳಿಕೆ ತೂರಿಸಿ ಲೋಹದ ಸುರುಳಿಯಿಂದ ಅಭಿಧಮನಿಯನ್ನು ಮುಚ್ಚುವ ವಿಧಾನವೂ ಉಂಟು.

ಆಪರೇಷನ್ ಆದ ಯುವಕ ಮರುದಿನ ಮನೆಗೆ ಹೋದ, ಮೂರು ವಾರ ಭಾರ ಎತ್ತಲಿಲ್ಲ. ಮೊದಲ ತಿಂಗಳಲ್ಲೇ ವರದಿ ಮಾಡಿಸುವ ಆತುರ ಅವನಿಗೆ. ವೈದ್ಯರು ಒಪ್ಪಲಿಲ್ಲ. ಒಂದು ವೀರ್ಯಾಣು ಹುಟ್ಟಿ ಬಲಿತು ಹೊರಬರಲು ಎರಡೂವರೆ ತಿಂಗಳು ಬೇಕು. ಆ ತಿಂಗಳ ಮಾದರಿಯಲ್ಲಿ ಇರುವುದು ಬಿಸಿಯ ದಿನಗಳ ಬೆಳೆಯೇ. ಮೂರನೇ ತಿಂಗಳು 15, ಆರನೇ ತಿಂಗಳು 23 ಮಿಲಿಯನ್. ಟೆಸ್ಟೋಸ್ಟೆರಾನ್ 370.

ಮಗುವಿನ ಮಾತಿಗೆ ಬಂದರೆ ವೈದ್ಯರು ದಂಪತಿಗೆ ಮೊದಲೇ ಲೆಕ್ಕ ಹೇಳಿದ್ದರು. 2011ರಲ್ಲಿ ಪ್ರಕಟವಾದ, ರೋಗಿಗಳನ್ನು ಯಾದೃಚ್ಛಿಕವಾಗಿ ಎರಡು ಗುಂಪು ಮಾಡಿ ನಡೆಸಿದ ಅಧ್ಯಯನವೊಂದರಲ್ಲಿ, ಶಸ್ತ್ರಚಿಕಿತ್ಸೆಯಾದವರಲ್ಲಿ ಒಂದು ವರ್ಷದೊಳಗೆ ಸಹಜವಾಗಿ ಗರ್ಭ ನಿಂತದ್ದು ನೂರಕ್ಕೆ ಸುಮಾರು 33, ಹಾಗೇ ಕಾದವರಲ್ಲಿ 14. ಅಂತರ ದೊಡ್ಡದು. ಆದರೆ ಆಪರೇಷನ್ ಆದವರಲ್ಲೂ ಮೂವರಲ್ಲಿ ಇಬ್ಬರಿಗೆ ಆ ವರ್ಷ ಸಿಹಿಸುದ್ದಿ ಬರಲಿಲ್ಲ. ವೀರ್ಯದಲ್ಲಿ ವೀರ್ಯಾಣುವೇ ಇಲ್ಲದವರಿಗೆ ಫಲ ಇನ್ನೂ ಅನಿಶ್ಚಿತ. ಹೆಂಡತಿಗೆ 37, 38 ಆಗಿದ್ದರೆ ಆರು ತಿಂಗಳು, ವರ್ಷ ಕಾಯುವುದೇ ನಷ್ಟವಾಗಬಹುದು. ಅಲ್ಲಿ ನೇರವಾಗಿ ಐವಿಎಫ್ ಕಡೆಗೆ ಹೋಗುವುದು ಸರಿಯಾದೀತು. ಇವನ ಹೆಂಡತಿಗೆ 28, ಕಾಯಲು ಸಮಯವಿತ್ತು. ಆರನೇ ತಿಂಗಳ ವರದಿ ನೋಡಿ ವೈದ್ಯರು ಇನ್ನಾರು ತಿಂಗಳು ಸಹಜವಾಗಿ ಪ್ರಯತ್ನಿಸಲು ಹೇಳಿ, ಅಷ್ಟರಲ್ಲಿ ಆಗದಿದ್ದರೆ ಇಬ್ಬರೂ ಒಟ್ಟಿಗೇ ಬರಬೇಕೆಂದು ಚೀಟಿಯಲ್ಲಿ ದಿನಾಂಕ ಬರೆದುಕೊಟ್ಟರು.