4-20 ಮಿಲಿಆಂಪ್ ಕರೆಂಟು ನೀರಿನ ಮಟ್ಟವಾಗುವ ಬಗೆ

ಓವರ್‌ಹೆಡ್ ಟ್ಯಾಂಕಿನಲ್ಲಿ ಎಷ್ಟು ನೀರಿದೆ ಎಂಬುದನ್ನು ಪಂಪ್‌ಹೌಸಿನ ಪರದೆ ಮೀಟರ್ ಲೆಕ್ಕದಲ್ಲಿ ತೋರಿಸುತ್ತದೆ. ಆದರೆ ಟ್ಯಾಂಕಿನಿಂದ ಕೆಳಗಿಳಿದು ಬರುವ ತಂತಿಯಲ್ಲಿ ಮೀಟರ್ ಎಂಬುದಿಲ್ಲ, ಇರುವುದು ಸಣ್ಣದೊಂದು ಕರೆಂಟು. ಲೆವೆಲ್ ಟ್ರಾನ್ಸ್‌ಮಿಟರ್ ತನ್ನ ಮೇಲಿರುವ ನೀರಿನ ಒತ್ತಡವನ್ನು ಅಳೆದು, ಅದಕ್ಕೆ ತಕ್ಕಂತೆ 4ರಿಂದ 20 ಮಿಲಿಆಂಪ್‌ವರೆಗಿನ ಕರೆಂಟನ್ನು ಹರಿಸುತ್ತದೆ. ಪಿಎಲ್‌ಸಿಯ ಅನಲಾಗ್ ಇನ್‌ಪುಟ್ ಕಾರ್ಡ್ ಆ ಕರೆಂಟನ್ನು ಒಂದು ಪೂರ್ಣಾಂಕವಾಗಿ ಬದಲಿಸುತ್ತದೆ. ಆ ಪೂರ್ಣಾಂಕವನ್ನು ಮತ್ತೆ ಮೀಟರ್‌ಗೆ ತರುವ ಲೆಕ್ಕಕ್ಕೆ ಸ್ಕೇಲಿಂಗ್ ಎಂದು ಹೆಸರು.

ಅಳತೆ ಸೊನ್ನೆಯಿಂದ ಶುರುವಾಗದೆ 4 ಮಿಲಿಆಂಪ್‌ನಿಂದ ಶುರುವಾಗುವುದಕ್ಕೆ ಎರಡು ಕಾರಣಗಳಿವೆ. ಎರಡೇ ತಂತಿಯ ಟ್ರಾನ್ಸ್‌ಮಿಟರ್ ತಾನು ಕೆಲಸ ಮಾಡಲು ಬೇಕಾದ ವಿದ್ಯುತ್ತನ್ನೂ ಅದೇ ತಂತಿಯಿಂದ ಪಡೆಯುತ್ತದೆ; ಮೊದಲ 4 ಮಿಲಿಆಂಪ್ ಅದಕ್ಕೆ ಒದಗುತ್ತದೆ. ಎರಡನೆಯದಾಗಿ, ಖಾಲಿ ಟ್ಯಾಂಕಿಗೂ ತುಂಡಾದ ತಂತಿಗೂ ವ್ಯತ್ಯಾಸ ತಿಳಿಯುತ್ತದೆ. ಟ್ಯಾಂಕ್ ಖಾಲಿಯಾದರೆ 4 ಮಿಲಿಆಂಪ್, ತಂತಿ ಕಡಿದರೆ ಸೊನ್ನೆ. ಹಾಗಾಗಿ ಅಳತೆಗೆಂದು ಉಳಿಯುವ ಹರವು 16 ಮಿಲಿಆಂಪ್.

ಈ ಹರವನ್ನು ಯಾವ ಅಂಕಿಗಳಾಗಿ ಬದಲಿಸಬೇಕು ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ. ಸೀಮೆನ್ಸ್‌ನ ಎಸ್7-1200 ಮತ್ತು ಎಸ್7-1500 ಪಿಎಲ್‌ಸಿಗಳಲ್ಲಿ ಕಾರ್ಡನ್ನು 4-20 ಮಿಲಿಆಂಪ್‌ಗೆ ಹೊಂದಿಸಿದಾಗ 4 ಮಿಲಿಆಂಪ್‌ಗೆ 0, 20 ಮಿಲಿಆಂಪ್‌ಗೆ 27648 ಎಂಬ ಅಂಕಿ ಬರುತ್ತದೆ. ನಡುವಿನದೆಲ್ಲ ಸರಳರೇಖೆ, 12 ಮಿಲಿಆಂಪ್‌ಗೆ ಸರಿಯಾಗಿ ಅರ್ಧ, ಅಂದರೆ 13824.

ಒಂದು ಟ್ಯಾಂಕನ್ನು ತೆಗೆದುಕೊಂಡು ಲೆಕ್ಕ ನೋಡಬಹುದು. ಟ್ಯಾಂಕಿನ ತಳದಿಂದ ಓವರ್‌ಫ್ಲೋ ಪೈಪಿನವರೆಗಿನ ಎತ್ತರ 4.5 ಮೀಟರ್. ಟ್ರಾನ್ಸ್‌ಮಿಟರ್‌ನ ಅಳತೆಯ ವ್ಯಾಪ್ತಿ 0ಯಿಂದ 5 ಮೀಟರ್. ಹೂಳು ತಾಗದಿರಲೆಂದು ಅದನ್ನು ತಳದಿಂದ 0.2 ಮೀಟರ್ ಮೇಲೆ ಕೂರಿಸಲಾಗಿದೆ. ಸೂತ್ರ ಇಷ್ಟೇ: ಕಾರ್ಡಿನಿಂದ ಬಂದ ಅಂಕಿಯನ್ನು 27648ರಿಂದ ಭಾಗಿಸಿ, ಟ್ರಾನ್ಸ್‌ಮಿಟರ್‌ನ ವ್ಯಾಪ್ತಿಯಾದ 5ರಿಂದ ಗುಣಿಸಿ, ಕೊನೆಗೆ 0.2 ಕೂಡಿಸಬೇಕು. 12 ಮಿಲಿಆಂಪ್ ಬಂದಾಗ 13824 ಭಾಗಿಸು 27648 ಎಂದರೆ 0.5, ಅದರ ಐದು ಪಟ್ಟು 2.5, ಕೂಡಿಸಿದರೆ ನೀರಿನ ಮಟ್ಟ 2.7 ಮೀಟರ್.

ಇಲ್ಲಿ ಹೆಚ್ಚಾಗಿ ಆಗುವ ತಪ್ಪು ಒಂದಿದೆ. 20 ಮಿಲಿಆಂಪ್ ಎಂದರೆ ಟ್ಯಾಂಕ್ ತುಂಬಿದಂತೆ ಎಂದು ಭಾವಿಸಿ, 5ರ ಜಾಗದಲ್ಲಿ ಟ್ಯಾಂಕಿನ ಎತ್ತರ 4.5 ಹಾಕಿಬಿಡುತ್ತಾರೆ. ಟ್ರಾನ್ಸ್‌ಮಿಟರ್‌ಗೆ ಟ್ಯಾಂಕಿನ ಎತ್ತರ ಗೊತ್ತಿಲ್ಲ. ತನ್ನ ಮೇಲೆ ಎಷ್ಟು ನೀರಿದೆ ಎಂಬುದಷ್ಟೇ ಅದಕ್ಕೆ ಗೊತ್ತು. ಈ ಟ್ಯಾಂಕ್ ತುಂಬಿದಾಗ ಅದರ ಮೇಲೆ 4.3 ಮೀಟರ್ ನೀರಿರುತ್ತದೆ, ಆಗ ಬರುವ ಕರೆಂಟು 17.76 ಮಿಲಿಆಂಪ್. ಟ್ಯಾಂಕ್ ಕೋಡಿ ಹರಿಯುತ್ತಿದ್ದರೂ 20 ಬರುವುದೇ ಇಲ್ಲ. ಆದ್ದರಿಂದ ಸೂತ್ರಕ್ಕೆ ಹಾಕಬೇಕಾದದ್ದು ಟ್ರಾನ್ಸ್‌ಮಿಟರ್‌ನಲ್ಲಿ ಹೊಂದಿಸಿರುವ ವ್ಯಾಪ್ತಿಯನ್ನೇ.

ಎರಡನೆಯ ತಪ್ಪು ಕೋಡಿನೊಳಗೆ ಅಡಗಿರುತ್ತದೆ. ಪೂರ್ಣಾಂಕಗಳಲ್ಲೇ ಭಾಗಾಕಾರ ಮಾಡಿದರೆ 13824 ಭಾಗಿಸು 27648ಕ್ಕೆ ಉತ್ತರ 0.5 ಅಲ್ಲ, ಸೊನ್ನೆ. ದಶಾಂಶದ ಭಾಗ ಬಿದ್ದುಹೋಗುತ್ತದೆ. ಮೊದಲು ಗುಣಿಸಿ ಆಮೇಲೆ ಭಾಗಿಸೋಣವೆಂದರೆ 13824ರ ಐದು ಪಟ್ಟು 69120; 16 ಬಿಟ್‌ನ ಪೂರ್ಣಾಂಕದಲ್ಲಿ 32767ಕ್ಕಿಂತ ದೊಡ್ಡ ಸಂಖ್ಯೆ ಹಿಡಿಸುವುದಿಲ್ಲ. ಹಾಗಾಗಿ ಅಂಕಿಯನ್ನು ಮೊದಲು ದಶಾಂಶ ಸಂಖ್ಯೆಯಾಗಿ, ಅಂದರೆ `REAL` ಆಗಿ ಬದಲಿಸಿಕೊಳ್ಳಬೇಕು. ಸೀಮೆನ್ಸ್‌ನಲ್ಲಿ ಇದೇ ಕೆಲಸಕ್ಕೆ `NORM_X` ಮತ್ತು `SCALE_X` ಎಂಬ ಸಿದ್ಧ ಬ್ಲಾಕುಗಳಿವೆ. ಮೊದಲನೆಯದು ಅಂಕಿಯನ್ನು 0ಯಿಂದ 1ರೊಳಗೆ ತರುತ್ತದೆ, ಎರಡನೆಯದು ಅದನ್ನು ಮೀಟರ್‌ಗೆ ಹಿಗ್ಗಿಸುತ್ತದೆ.

ಸೂತ್ರ ಸರಿಯಾಗಿದ್ದರೂ ಬಂದ ಅಂಕಿ ನಂಬುವಂಥದ್ದೇ ಎಂಬ ಪ್ರಶ್ನೆ ಉಳಿಯುತ್ತದೆ. ತಂತಿ ಕಡಿದಾಗ ಕಾರ್ಡಿನ ಬಗೆ ಮತ್ತು ಸೆಟ್ಟಿಂಗಿಗೆ ಅನುಗುಣವಾಗಿ 32767 ಅಥವಾ -32768 ಎಂಬ ತುದಿಯ ಅಂಕಿ ಬರುತ್ತದೆ. ಸೂತ್ರ ಅದನ್ನೂ ತಕರಾರಿಲ್ಲದೆ ಮೀಟರ್‌ಗೆ ಬದಲಿಸುತ್ತದೆ. ಮಟ್ಟ 1.5 ಮೀಟರ್‌ಗೆ ಇಳಿದಾಗ ಪಂಪ್ ಶುರುವಾಗಿ 4.3ಕ್ಕೆ ನಿಲ್ಲುವಂತೆ ಬರೆದಿದೆ ಎಂದುಕೊಳ್ಳೋಣ. -32768 ಬಂದರೆ ಮಟ್ಟ -5.73 ಮೀಟರ್ ಎಂದಾಗುತ್ತದೆ. ಪಂಪ್ ನಿಲ್ಲದೆ ಓಡಿ ಟ್ಯಾಂಕ್ ಉಕ್ಕುತ್ತದೆ. 32767 ಬಂದರೆ ಮಟ್ಟ 6.13 ಮೀಟರ್ ಎಂದಾಗುತ್ತದೆ. ಪಂಪ್ ಶುರುವಾಗುವುದೇ ಇಲ್ಲ, ನಲ್ಲಿಗಳು ಒಣಗುತ್ತವೆ. ಪರದೆಯಲ್ಲಿ ವಿಚಿತ್ರ ಅಂಕಿ ಕಾಣದಿರಲೆಂದು ಕೆಲವರು ಉತ್ತರವನ್ನು 0 ಮತ್ತು 4.5ರ ನಡುವೆ ಕಟ್ಟಿಹಾಕುತ್ತಾರೆ. ಇದರಿಂದ ದೋಷ ಸರಿಹೋಗುವುದಿಲ್ಲ. ಕಣ್ಣಿಗೆ ಬೀಳದಂತಾಗುತ್ತದೆ, ಅಷ್ಟೆ.

ಯಾವುದು ಅಳತೆ, ಯಾವುದು ದೋಷ ಎಂದು ಗೆರೆ ಎಳೆಯಲು ಪ್ರೊಸೆಸ್ ಕಾರ್ಖಾನೆಗಳ ಬಳಕೆದಾರರ ಸಂಘವಾದ ನಾಮೂರ್ ಕೊಟ್ಟಿರುವ ಎನ್ಇ 43 ಎಂಬ ಶಿಫಾರಸು ನೆರವಾಗುತ್ತದೆ. ಅದರ ಪ್ರಕಾರ 3.8ರಿಂದ 20.5 ಮಿಲಿಆಂಪ್‌ವರೆಗಿನದು ಅಳತೆ, 3.6 ಅಥವಾ ಅದಕ್ಕಿಂತ ಕಡಿಮೆ, 21 ಅಥವಾ ಅದಕ್ಕಿಂತ ಹೆಚ್ಚು ಬಂದರೆ ದೋಷ. ಕಾರ್ಡಿನ ಅಂಕಿಯಲ್ಲಿ 3.6 ಮಿಲಿಆಂಪ್ ಎಂದರೆ ಸುಮಾರು -691, 21 ಎಂದರೆ 29376. ಸೊನ್ನೆಗಿಂತ ತುಸು ಕೆಳಗಿಳಿದ ಅಂಕಿಯೆಲ್ಲ ದೋಷವಲ್ಲ, 3.9 ಮಿಲಿಆಂಪ್ ಬಂದಾಗಲೂ ಟ್ರಾನ್ಸ್‌ಮಿಟರ್ ಆರೋಗ್ಯವಾಗಿಯೇ ಇರಬಹುದು. ಆದ್ದರಿಂದ ಮೊದಲು ಅಂಕಿಯನ್ನು ಪರೀಕ್ಷಿಸಿ, ಆಮೇಲೆ ಸ್ಕೇಲ್ ಮಾಡಬೇಕು:

```
#fault := ("LT101_Raw" <= -691) OR ("LT101_Raw" >= 29376);
IF NOT #fault THEN
    #level := INT_TO_REAL("LT101_Raw") / 27648.0 * 5.0 + 0.2;
END_IF;
```

ದೋಷವಿರುವಾಗ `#level` ತನ್ನ ಹಿಂದಿನ ಬೆಲೆಯಲ್ಲೇ ನಿಲ್ಲಬೇಕಾದರೆ ಅದನ್ನು ತಾತ್ಕಾಲಿಕವಲ್ಲದ, ಸ್ಟ್ಯಾಟಿಕ್ ವೇರಿಯಬಲ್ ಆಗಿ ಘೋಷಿಸಬೇಕು. ಆದರೆ ಆ ಹಳೆಯ ಬೆಲೆಯನ್ನು ನಂಬಿ ಪಂಪ್ ನಡೆಸುವಂತಿಲ್ಲ. `#fault` ಎರಡು ಮೂರು ಸೆಕೆಂಡ್ ಉಳಿದರೆ ಅಲಾರಂ ಕೊಟ್ಟು ಪಂಪನ್ನು ನಿಲ್ಲಿಸಿ, ಮುಂದಿನ ತೀರ್ಮಾನವನ್ನು ಆಪರೇಟರ್‌ಗೆ ಬಿಡಬೇಕು.

ಇನ್ನೊಂದು ತಪ್ಪು ಕಾರ್ಡಿನ ಸೆಟ್ಟಿಂಗಿನಲ್ಲಿ ಆಗುತ್ತದೆ. 4-20ರ ಬದಲು 0-20 ಮಿಲಿಆಂಪ್ ಎಂದು ಆರಿಸಿದ್ದರೆ 4 ಮಿಲಿಆಂಪ್‌ಗೆ 0 ಬರುವ ಕಡೆ 5530 ಬರುತ್ತದೆ. ಆಗ ಖಾಲಿ ಟ್ಯಾಂಕಿನಲ್ಲೇ ಒಂದು ಮೀಟರ್ ಹೆಚ್ಚುವರಿ ನೀರು ಕಾಣುತ್ತದೆ. 12 ಮಿಲಿಆಂಪ್‌ನಲ್ಲಿ ಅರ್ಧ ಮೀಟರ್ ಹೆಚ್ಚು, 20ಕ್ಕೆ ಬರುವಷ್ಟರಲ್ಲಿ ವ್ಯತ್ಯಾಸವೇ ಇಲ್ಲ. ಮಟ್ಟ ಏರಿದಂತೆಲ್ಲ ತಪ್ಪು ಹೀಗೆ ಕರಗುತ್ತ ಹೋದರೆ ಕಾರ್ಡಿನ ಸೆಟ್ಟಿಂಗನ್ನು ನೋಡಬೇಕು. ಎಲ್ಲ ಮಟ್ಟದಲ್ಲೂ ಒಂದೇ ಅಂತರದ ತಪ್ಪಿದ್ದರೆ ಕೂಡಿಸಿದ 0.2ರಲ್ಲಿ ಏರುಪೇರಾಗಿದೆ. ಮಟ್ಟದೊಂದಿಗೆ ತಪ್ಪೂ ಬೆಳೆಯುತ್ತ ಹೋದರೆ ಗುಣಿಸಿದ ವ್ಯಾಪ್ತಿ ತಪ್ಪಿದೆ.

ಟ್ಯಾಂಕ್ ತುಂಬಿಸಿ ಇಳಿಸಿ ಇದನ್ನೆಲ್ಲ ಪರೀಕ್ಷಿಸಬೇಕಾಗಿಲ್ಲ. ಟ್ರಾನ್ಸ್‌ಮಿಟರ್‌ನ ತಂತಿಯನ್ನು ಬಿಚ್ಚಿ, ಅದರ ಜಾಗದಲ್ಲಿ ಲೂಪ್ ಕ್ಯಾಲಿಬ್ರೇಟರ್ ಜೋಡಿಸಿ 4, 8, 12, 16, 20 ಮಿಲಿಆಂಪ್ ಕೊಟ್ಟರೆ ಪರದೆಯಲ್ಲಿ ಕ್ರಮವಾಗಿ 0.2, 1.45, 2.7, 3.95, 5.2 ಮೀಟರ್ ಕಾಣಬೇಕು. ಕೊನೆಯಲ್ಲಿ ತಂತಿಯನ್ನು ಪೂರ್ತಿ ಬಿಚ್ಚಿ, ಅಲಾರಂ ಬಂದು ಪಂಪ್ ನಿಲ್ಲುತ್ತದೆಯೇ ಎಂದು ನೋಡಬೇಕು. ಈ ಕೊನೆಯ ಪರೀಕ್ಷೆ ಆಗುವವರೆಗೆ ಟ್ಯಾಂಕನ್ನು ಆಟೋದಲ್ಲಿ ಬಿಡಬಾರದು.