ಹತ್ತು ಸಾಲಿನ ಪಟ್ಟಿ, ಒಂದು ಮಸುಕಾದ ಅಂಕಿ

ಮೊಬೈಲಿನಲ್ಲಿ ತೆಗೆದ ಪಟ್ಟಿಯೊಂದರ ಫೋಟೊ ಕೈಗೆ ಬಂದಿದೆ ಎಂದುಕೊಳ್ಳಿ. ಮಂಡಿನೋವಿಗೆಂದು ವ್ಯಾಯಾಮ ಮಾಡಿದ ಹತ್ತು ಜನ, ಒಬ್ಬೊಬ್ಬರ ಮುಂದೆಯೂ ಎರಡು ಅಂಕಿ: ಮೊದಲಿದ್ದ ನೋವು, ಆರು ವಾರದ ನಂತರದ ನೋವು. ನೋವಿಲ್ಲದಿದ್ದರೆ 0, ಸ್ವಲ್ಪವಿದ್ದರೆ 1, ಸಾಧಾರಣವಾದರೆ 2, ಜೋರಾಗಿದ್ದರೆ 3, ತಡೆಯಲಾಗದಿದ್ದರೆ 4. ನೋವು ನಿಜಕ್ಕೂ ಇಳಿದಿದೆಯೇ?

ಸರಾಸರಿ ತೆಗೆದು ಟಿ-ಪರೀಕ್ಷೆ ಮಾಡುವುದು ಬಹುಜನರ ರೂಢಿ. ಇಲ್ಲಿ ಅದು ಸಲ್ಲದು. ಈ ಅಂಕಿಗಳು ಹೇಳುವುದು ಯಾವುದು ಹೆಚ್ಚು, ಯಾವುದು ಕಡಿಮೆ ಎಂಬುದನ್ನಷ್ಟೇ. 4ರಿಂದ 3ಕ್ಕೆ ಬಂದವರಿಗೂ 1ರಿಂದ 0ಗೆ ಬಂದವರಿಗೂ ಸಿಕ್ಕ ನೆಮ್ಮದಿ ಒಂದೇ ಅಳತೆಯದು ಎನ್ನಲು ಆಧಾರವಿಲ್ಲ. ಜೊತೆಗೆ, ಮೊದಲಿನ ನೋವಿನ ಅಂಕಿಗಳೆಲ್ಲ 3, 4ರಲ್ಲೇ ಗುಂಪುಗೂಡಿವೆ. ನಾರ್ಮಲ್ ಹಂಚಿಕೆಯ ಗಂಟೆಯಾಕಾರ ಇಲ್ಲಿ ಕಾಣುವುದೇ ಇಲ್ಲ.

ಆಗ ನೆರವಿಗೆ ಬರುವುದು ಚಿಹ್ನೆ ಪರೀಕ್ಷೆ. ನೋವು ಇಳಿದಿದ್ದರೆ ಮೈನಸ್, ಏರಿದ್ದರೆ ಪ್ಲಸ್ ಹಾಕುತ್ತಾ ಹೋಗಿ. ನಮ್ಮ ಪಟ್ಟಿಯಲ್ಲಿ ಎಂಟು ಜನರಿಗೆ ಇಳಿದಿದೆ, ಒಬ್ಬರಿಗೆ ಏರಿದೆ, ಒಬ್ಬರಿಗೆ ಇದ್ದ ಹಾಗೇ ಇದೆ. ಬದಲಾಗದವರನ್ನು ಬಿಟ್ಟರೆ ಉಳಿದವರು ಒಂಬತ್ತು. ವ್ಯಾಯಾಮದಿಂದ ಏನೂ ಆಗಿಲ್ಲವೆಂದಾದರೆ ಪ್ಲಸ್, ಮೈನಸ್ ಬೀಳುವುದು ನಾಣ್ಯ ಚಿಮ್ಮಿದ ಹಾಗೆ. ಒಂಬತ್ತು ಚಿಮ್ಮುಗಳಿಗೆ 512 ದಾರಿ. ಅವುಗಳಲ್ಲಿ ಒಂದೂ ಪ್ಲಸ್ ಇಲ್ಲದ್ದು 1, ಒಂದೇ ಪ್ಲಸ್ ಇರುವುದು 9. ನೋವು ಏರುವ ಸಾಧ್ಯತೆಯನ್ನೂ ಪರಿಗಣಿಸಿ ಇಮ್ಮಡಿ ಮಾಡಿದರೆ 512ರಲ್ಲಿ 20, ಅಂದರೆ 0.039. ರೂಢಿಯ 0.05ರ ಗಡಿಗಿಂತ ಇದು ಕಡಿಮೆ. ಲಂಡನ್ನಿನಲ್ಲಿ ಜಾನ್ ಅರ್ಬತ್‌ನಾಟ್ 1710ರಲ್ಲೇ ಇದೇ ಬಗೆಯ ಲೆಕ್ಕ ಹಾಕಿದ್ದ. ಅಲ್ಲಿನ ದೀಕ್ಷಾಸ್ನಾನದ ದಾಖಲೆಗಳಲ್ಲಿ ಸತತ 82 ವರ್ಷ ಗಂಡುಮಕ್ಕಳೇ ಹೆಚ್ಚಿದ್ದುದನ್ನು ಆತ ಎಣಿಸಿದ್ದ.

ಈಗ ಫೋಟೊವನ್ನು ಹಿಗ್ಗಿಸಿ ನೋಡಿ. ಏಳನೆಯ ಸಾಲಿನಲ್ಲಿ 3ರ ಪಕ್ಕ ಇರುವುದು 1 ಎಂದು ಓದಿದ್ದೆವು. ನೆರಳು ಬಿದ್ದಿರುವುದರಿಂದ ಅದು 4 ಕೂಡ ಇರಬಹುದು. 4 ಎಂದಾದರೆ ಏಳು ಮೈನಸ್, ಎರಡು ಪ್ಲಸ್, ಉತ್ತರ 0.18. ಒಂದೇ ಅಂಕಿಗೆ ತೀರ್ಮಾನ ಬುಡಮೇಲು! ಮೂಲ ಕಾಗದ ಸಿಗದಿದ್ದರೆ ಎರಡೂ ಉತ್ತರಗಳನ್ನು ಬರೆಯಬೇಕೇ ಹೊರತು ಅನುಕೂಲವಾದದ್ದನ್ನು ಆರಿಸಿಕೊಳ್ಳಬಾರದು.

ಪಟ್ಟಿಯ ತಲೆಬರಹ ಫೋಟೊದಲ್ಲಿ ಕತ್ತರಿಸಿಹೋಗಿದ್ದರೆ ತೊಡಕು ಇನ್ನೂ ದೊಡ್ಡದು. ಎಡಗಡೆಯವರೇ ಬೇರೆ, ಬಲಗಡೆಯವರೇ ಬೇರೆ ಆಗಿದ್ದರೆ ಚಿಹ್ನೆ ಪರೀಕ್ಷೆಗೆ ಅರ್ಥವಿಲ್ಲ. ಅದಕ್ಕೆ 1945ರಲ್ಲಿ ಫ್ರಾಂಕ್ ವಿಲ್ಕಾಕ್ಸನ್ ಕೊಟ್ಟ ರ‍್ಯಾಂಕ್ ಮೊತ್ತದ ಪರೀಕ್ಷೆ ಬೇಕು. ಇಪ್ಪತ್ತೂ ಅಂಕಿಗಳನ್ನು ಒಂದೇ ಸಾಲಿನಲ್ಲಿ ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ, ಸ್ಥಾನ ಕೊಟ್ಟು, ಒಂದು ಗುಂಪಿನ ಸ್ಥಾನಗಳನ್ನು ಕೂಡಬೇಕು. ಸಮಾನ ಅಂಕಿಗಳು ಸ್ಥಾನವನ್ನು ಹಂಚಿಕೊಳ್ಳುತ್ತವೆ: ಮೊದಲ ನಾಲ್ಕೂ 1 ಆಗಿದ್ದರೆ ಪ್ರತಿಯೊಂದಕ್ಕೂ 2.5. ಐದೇ ಮೆಟ್ಟಿಲಿನ ಅಂಕಿಗಳಲ್ಲಿ ಹೀಗೆ ಸಮವಾಗುವುದು ಬಹಳ. ಹಾಗಾಗಿ ಪುಸ್ತಕದ ಸಿದ್ಧ ಕೋಷ್ಟಕವನ್ನು ನಂಬದೆ, ಈ ಸಮಬಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ವಿಧಾನವನ್ನೇ ಬಳಸಬೇಕು.

ಪಟ್ಟಿ ತೀರಾ ಚಿಕ್ಕದಾದರೆ ಎರಡೂ ಪರೀಕ್ಷೆಗಳು ಕೈಚೆಲ್ಲುತ್ತವೆ. ಐದೇ ಜನರಿದ್ದು ಐವರಿಗೂ ನೋವು ಇಳಿದರೂ ಚಿಹ್ನೆ ಪರೀಕ್ಷೆಯ ಉತ್ತರ 0.0625, ಮೂವರ ಎದುರು ಮೂವರಿದ್ದರೆ ರ‍್ಯಾಂಕ್ ಮೊತ್ತ 0.1ಕ್ಕಿಂತ ಕೆಳಗಿಳಿಯದು. ಇನ್ನಷ್ಟು ಜನರನ್ನು ಸೇರಿಸದೆ 0.05ರ ಗಡಿ ದಾಟಲು ಅಲ್ಲಿ ಬೇರೆ ದಾರಿಯಿಲ್ಲ.