ನಿನ್ನೆಯ ಲಾಭ, ನಾಳೆಯ ಪರೀಕ್ಷೆ

“ಹತ್ತು ವರ್ಷಗಳ ಹಿಂದೆ ನಮ್ಮ ಈ ನಿಯಮದಂತೆ ಷೇರು ಕೊಂಡು ಮಾರಿದ್ದರೆ, ನಿಮ್ಮ ಒಂದು ಲಕ್ಷ ರೂಪಾಯಿ ಇಂದು ಎಂಟು ಲಕ್ಷವಾಗಿರುತ್ತಿತ್ತು.” ಇಂಥ ಮಾತನ್ನು ವಿದ್ಯಾರ್ಥಿಗಳಾದ ನೀವೂ ಎಲ್ಲಾದರೂ ಕೇಳಿರಬಹುದು. ವಿಚಿತ್ರವೆಂದರೆ, ಹೀಗೆ ಹೇಳುವವರ ಲೆಕ್ಕದಲ್ಲಿ ಅನೇಕ ವೇಳೆ ಒಂದು ಅಂಕಿಯೂ ಸುಳ್ಳಿರುವುದಿಲ್ಲ. ಹಳೆಯ ಬೆಲೆಗಳೂ ನಿಜ, ಕೂಡು ಕಳೆಯುವ ಲೆಕ್ಕವೂ ನಿಜ. ಆದರೂ ಅದೇ ನಿಯಮ ಮುಂದಿನ ವರ್ಷ ಕೈಯಲ್ಲಿರುವ ಹಣವನ್ನು ಕರಗಿಸಿಬಿಡಬಹುದು. ನಮ್ಮ ಷೇರುಪೇಟೆಯ ನಿಯಂತ್ರಣ ಮಂಡಳಿಯಾದ ಸೆಬಿ, ಕಂಪ್ಯೂಟರ್ ನಿಯಮಗಳ ಸೇವೆ ನೀಡುವ ದಲ್ಲಾಳಿಗಳು ಅವುಗಳ ಹಿಂದಿನ ಅಥವಾ ಮುಂದಿನ ಗಳಿಕೆಯನ್ನು ಪ್ರಸ್ತಾಪಿಸಲೇಬಾರದೆಂದು 2022ರ ಸೆಪ್ಟೆಂಬರ್‌ನಲ್ಲಿ ಆದೇಶಿಸಿತು. ಸರಿಯಾದ ಲೆಕ್ಕವೂ ಹೇಗೆ ದಾರಿ ತಪ್ಪಿಸುತ್ತದೆ ಎಂಬುದನ್ನು ಒಂದು ಉದಾಹರಣೆಯ ಮೂಲಕವೇ ನೋಡೋಣ.

ಹಳೆಯ ಬೆಲೆಗಳ ಮೇಲೆ ಒಂದು ನಿಯಮವನ್ನು ನಡೆಸಿ, ಆಗ ಎಷ್ಟು ಲಾಭವಾಗುತ್ತಿತ್ತೆಂದು ನೋಡುವುದಕ್ಕೆ ‘ಬ್ಯಾಕ್‌ಟೆಸ್ಟ್’ ಎನ್ನುತ್ತಾರೆ. ಕನ್ನಡದಲ್ಲಿ ಇದನ್ನು ಹಿನ್ನೋಟ ಪರೀಕ್ಷೆ ಎನ್ನೋಣ. ನಮ್ಮ ನಿಯಮ ತೀರ ಸರಳವಾದದ್ದು. ಮುಂಬಯಿ ಷೇರುಪೇಟೆಯ ಸೂಚ್ಯಂಕವಾದ ಸೆನ್ಸೆಕ್ಸ್‌ನ ಕಳೆದ ಕೆಲವು ದಿನಗಳ ಸರಾಸರಿಯನ್ನು ಪ್ರತಿದಿನ ಲೆಕ್ಕ ಹಾಕುತ್ತೇವೆ. ಒಂದು ಚಿಕ್ಕ ಅವಧಿಯ ಸರಾಸರಿ, ಇನ್ನೊಂದು ದೊಡ್ಡ ಅವಧಿಯದು. ಚಿಕ್ಕದು ದೊಡ್ಡದಕ್ಕಿಂತ ಮೇಲಿದ್ದರೆ ಪೇಟೆ ಏರುತ್ತಿದೆಯೆಂದು ತಿಳಿದು ಸೂಚ್ಯಂಕದಲ್ಲಿ ಹಣ ಇಡುತ್ತೇವೆ. ಕೆಳಗಿಳಿದರೆ ಮಾರಿ ಹೊರಗೆ ನಿಲ್ಲುತ್ತೇವೆ.

ಆದರೆ ಚಿಕ್ಕದು ಎಂದರೆ ಎಷ್ಟು ದಿನ, ದೊಡ್ಡದು ಎಂದರೆ ಎಷ್ಟು ದಿನ? ಚಿಕ್ಕದಕ್ಕೆ 5, 10, 15 ಎಂದು 50ರವರೆಗೆ ಹತ್ತು ಸಂಖ್ಯೆಗಳನ್ನೂ, ದೊಡ್ಡದಕ್ಕೆ 60, 80, 100 ಎಂದು 240ರವರೆಗೆ ಹತ್ತು ಸಂಖ್ಯೆಗಳನ್ನೂ ತೆಗೆದುಕೊಂಡರೆ ಒಟ್ಟು 100 ಜೋಡಿಗಳಾಗುತ್ತವೆ. ಕಂಪ್ಯೂಟರ್ ನೂರನ್ನೂ ಕ್ಷಣಾರ್ಧದಲ್ಲಿ ನಡೆಸಿ, ಅತಿ ಹೆಚ್ಚು ಲಾಭ ತಂದ ಜೋಡಿ ಇದು ಎಂದು ಹೇಳಿಬಿಡುತ್ತದೆ. ತೊಂದರೆ ಹುಟ್ಟುವುದು ಇಲ್ಲಿಯೇ.

ಅದನ್ನು ತಿಳಿಯಲು ಷೇರುಗಳನ್ನು ಸ್ವಲ್ಪ ಹೊತ್ತು ಬದಿಗಿಡೋಣ. ಒಂದು ಕಾಲೇಜಿನಲ್ಲಿ 1024 ವಿದ್ಯಾರ್ಥಿಗಳಿದ್ದಾರೆ. ಒಂದು ನಾಣ್ಯವನ್ನು ಹತ್ತು ಸಲ ಚಿಮ್ಮಿಸಲಾಗುತ್ತದೆ. ತಲೆಯೋ ಬಾಲವೋ ಎಂದು ಪ್ರತಿಯೊಬ್ಬರೂ ಮೊದಲೇ ಬರೆದಿಡಬೇಕು. ಹತ್ತನ್ನೂ ಸರಿಯಾಗಿ ಬರೆಯುವ ಸಂಭವನೀಯತೆ ಎರಡರ ಹತ್ತನೆಯ ಘಾತದಲ್ಲಿ ಒಂದು, ಅಂದರೆ 1024ರಲ್ಲಿ ಒಂದು. ಆದ್ದರಿಂದ ಸರಾಸರಿ ಒಬ್ಬ ವಿದ್ಯಾರ್ಥಿಗೆ ಹತ್ತಕ್ಕೆ ಹತ್ತು ಬರುತ್ತದೆ. ಅವನ ಉತ್ತರ ಪತ್ರಿಕೆ ನೈಜವಾದದ್ದು, ಯಾವ ಮೋಸವೂ ಇಲ್ಲ. ಆದರೆ ಮುಂದಿನ ಹತ್ತು ಚಿಮ್ಮುವಿಕೆಗಳಲ್ಲಿ ಅವನಿಂದ ನಾವು ನಿರೀಕ್ಷಿಸಬಹುದಾದದ್ದು ಐದು ಸರಿ ಉತ್ತರ ಮಾತ್ರ. ಅವನಲ್ಲಿ ವಿಶೇಷ ಶಕ್ತಿ ಏನೂ ಇರಲಿಲ್ಲ. ಸಾವಿರದ ಇಪ್ಪತ್ನಾಲ್ಕು ಜನರಲ್ಲಿ ಗೆದ್ದವನನ್ನು ಫಲಿತಾಂಶ ಬಂದ ಮೇಲೆ ನಾವು ಆರಿಸಿಕೊಂಡೆವು, ಅಷ್ಟೆ.

ನೂರು ಜೋಡಿಗಳಲ್ಲಿ ಗೆದ್ದ ಜೋಡಿಯನ್ನು ಆರಿಸುವುದೂ ಹೀಗೆಯೇ. ಎಷ್ಟು ಪ್ರಯತ್ನಕ್ಕೆ ಎಷ್ಟು ಭ್ರಮೆ ಎಂಬುದಕ್ಕೆ ಲೆಕ್ಕವೂ ಉಂಟು. ಬೇಯ್ಲಿ, ಬೋರ್ವೈನ್, ಲೋಪೆಜ್ ದ ಪ್ರಾಡೊ ಮತ್ತು ಝು ಎಂಬ ನಾಲ್ವರು 2014ರಲ್ಲಿ ಅಮೆರಿಕದ ಗಣಿತ ಸಂಘದ ಪತ್ರಿಕೆಯಲ್ಲಿ ಇದನ್ನು ಪ್ರಕಟಿಸಿದರು. ಸರಾಸರಿ ಗಳಿಕೆಯನ್ನು ಅದರ ಏರಿಳಿತದ ಪ್ರಮಾಣದಿಂದ ಭಾಗಿಸಿದಾಗ ಬರುವ ಸಂಖ್ಯೆಗೆ ಶಾರ್ಪ್ ಅನುಪಾತವೆಂದು ಹೆಸರು. ವರ್ಷಕ್ಕೆ 1 ಬಂದರೆ ಒಳ್ಳೆಯ ನಿಯಮವೆಂದೇ ಎಣಿಸುತ್ತಾರೆ. ಕೇವಲ ಐದು ವರ್ಷಗಳ ಬೆಲೆಗಳನ್ನು ಇಟ್ಟುಕೊಂಡು, ಒಂದರೊಡನೊಂದು ಸಂಬಂಧವಿಲ್ಲದ ಸುಮಾರು 45 ನಿಯಮಗಳನ್ನು ಪ್ರಯತ್ನಿಸಿದರೆ ಸಾಕು, ಯಾವುದರಲ್ಲಿಯೂ ಹುರುಳಿಲ್ಲದಿದ್ದರೂ ಅವುಗಳಲ್ಲಿ ಅತ್ಯುತ್ತಮವಾದದ್ದು ಈ 1ನ್ನು ಮುಟ್ಟಿಬಿಡುತ್ತದೆ ಎಂದು ಅವರು ತೋರಿಸಿದರು. ನಮ್ಮ ನೂರು ಜೋಡಿಗಳು ಒಂದನ್ನೊಂದು ಹೋಲುವುದರಿಂದ ಅವು ನೂರು ಸ್ವತಂತ್ರ ಪ್ರಯತ್ನಗಳಿಗೆ ಸಮವಲ್ಲ, ನಿಜ. ಆದರೆ ನಷ್ಟದ ಮಿತಿ, ವಾರದ ದಿನ ಎಂದು ಒಂದೊಂದೇ ಷರತ್ತು ಸೇರಿಸುತ್ತ ಹೋದರೆ ಪ್ರಯತ್ನಗಳ ಸಂಖ್ಯೆ ಬಹುಬೇಗ ಬೆಳೆಯುತ್ತದೆ.

ಹೀಗೆ ಗೆದ್ದ ನಿಯಮ ಏನನ್ನು ಕಲಿತಿರುತ್ತದೆ? ಸೆನ್ಸೆಕ್ಸ್‌ನ ಒಂದೇ ಒಂದು ದಿನವನ್ನು ನೋಡಿ. 2008ರ ಜನವರಿಯಲ್ಲಿ 20,000 ದಾಟಿದ್ದ ಸೂಚ್ಯಂಕ ಆ ವರ್ಷದ ಅಕ್ಟೋಬರ್ ಹೊತ್ತಿಗೆ 10,000ಕ್ಕಿಂತ ಕೆಳಗೆ ಕುಸಿದಿತ್ತು. 2009ರ ಮಾರ್ಚ್‌ನಿಂದ ಮೇಲೇಳತೊಡಗಿತು. ಮೇ 16ರಂದು ಲೋಕಸಭಾ ಚುನಾವಣೆಯ ಫಲಿತಾಂಶ ಬಂತು. ಮೇ 18, ಸೋಮವಾರ, ಪೇಟೆ ತೆರೆದೊಡನೆ ಸೂಚ್ಯಂಕ ಎಷ್ಟು ವೇಗವಾಗಿ ಜಿಗಿಯಿತೆಂದರೆ ವ್ಯವಹಾರವನ್ನೇ ನಿಲ್ಲಿಸಬೇಕಾಯಿತು. ಆ ಒಂದು ದಿನದ ಏರಿಕೆ ಶೇಕಡಾ 17ಕ್ಕೂ ಹೆಚ್ಚು.

ಅಂದು 10 ಮತ್ತು 60ರ ಜೋಡಿ ಪೇಟೆಯ ಒಳಗಿತ್ತು, ಏಕೆಂದರೆ ಚಿಕ್ಕ ಅವಧಿಗಳು ಮಾರ್ಚ್‌ನಿಂದಾದ ಏರಿಕೆಯನ್ನು ಬೇಗ ಗುರುತಿಸಿದ್ದವು. 50 ಮತ್ತು 240ರ ಜೋಡಿ ಹೊರಗೇ ಉಳಿದಿತ್ತು, ಏಕೆಂದರೆ 240 ದಿನಗಳ ಸರಾಸರಿಯಲ್ಲಿ ಹಿಂದಿನ ವರ್ಷದ ದೊಡ್ಡ ಬೆಲೆಗಳು ಇನ್ನೂ ಕುಳಿತಿದ್ದವು. ಇಡೀ ಇತಿಹಾಸವನ್ನು ಒಟ್ಟಿಗೆ ಹಾಕಿ ಹುಡುಕುವ ಕಂಪ್ಯೂಟರ್ ಸಹಜವಾಗಿಯೇ ಅಂದು ಒಳಗಿದ್ದ ಜೋಡಿಗಳತ್ತ ವಾಲುತ್ತದೆ. ಹತ್ತು ಮತ್ತು ಅರವತ್ತು ಎಂಬ ಸಂಖ್ಯೆಗಳಲ್ಲಿ ಏನೋ ಗುಟ್ಟಿದೆಯೆಂದು ನಮಗೆ ತೋರುತ್ತದೆ. ನಿಜಕ್ಕೂ ಅಲ್ಲಿರುವುದು ಮತ್ತೆ ಅದೇ ರೂಪದಲ್ಲಿ ಬಾರದ ಒಂದು ಸೋಮವಾರ. ಹಳೆಯ ಪ್ರಶ್ನೆಪತ್ರಿಕೆಗಳ ಉತ್ತರವನ್ನು ಬಾಯಿಪಾಠ ಮಾಡಿದ ಹುಡುಗ ಆ ಪತ್ರಿಕೆಗಳಿಗೆ ನೂರಕ್ಕೆ ನೂರು ಬರೆಯುವಂತೆ, ಈ ನಿಯಮ ನಡೆದುಹೋದ ಆಕಸ್ಮಿಕಗಳನ್ನು ಬಾಯಿಪಾಠ ಮಾಡಿದೆ. ಇದನ್ನೇ ಅತಿಹೊಂದಿಕೆ ಅಥವಾ ‘ಓವರ್‌ಫಿಟಿಂಗ್’ ಎನ್ನುವುದು.

ಬಾಯಿಪಾಠವನ್ನು ಪತ್ತೆ ಮಾಡುವ ದಾರಿ ಒಂದೇ: ನೋಡದ ಪ್ರಶ್ನೆ ಕೊಡುವುದು. ಇದನ್ನು ಕ್ರಮವಾಗಿ, ಮತ್ತೆ ಮತ್ತೆ ಮಾಡುವ ವಿಧಾನವೇ ‘ವಾಕ್-ಫಾರ್ವರ್ಡ್’ ಪರೀಕ್ಷೆ, ಅಂದರೆ ಮುನ್ನಡೆಯ ಪರೀಕ್ಷೆ. ಅಮೆರಿಕದ ರಾಬರ್ಟ್ ಪಾರ್ಡೊ 1992ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಇದನ್ನು ವಿವರಿಸಿದರು.

2005ರಿಂದ 2024ರವರೆಗಿನ ಇಪ್ಪತ್ತು ವರ್ಷಗಳ ಬೆಲೆಗಳು ನಮ್ಮಲ್ಲಿವೆ ಎನ್ನೋಣ. ಮೊದಲು 2005ರಿಂದ 2008ರವರೆಗಿನ ನಾಲ್ಕು ವರ್ಷಗಳನ್ನು ಮಾತ್ರ ತೆರೆದು, ಆ ಅವಧಿಯಲ್ಲಿ ನೂರು ಜೋಡಿಗಳನ್ನೂ ನಡೆಸಿ ಅತ್ಯುತ್ತಮವಾದದ್ದನ್ನು ಆರಿಸುತ್ತೇವೆ. ಅನಂತರ ಅದನ್ನು ಮುಟ್ಟುವಂತಿಲ್ಲ. ಅದೇ ಜೋಡಿಯನ್ನು 2009ರಲ್ಲಿ ನಡೆಸಿ, ಬಂದ ಲಾಭವನ್ನೋ ನಷ್ಟವನ್ನೋ ಬರೆದಿಡುತ್ತೇವೆ. ಮೇ 18ರ ಜಿಗಿತ ದೊರೆತರೆ ದೊರೆಯಲಿ, ತಪ್ಪಿದರೆ ತಪ್ಪಲಿ. 2009ರ ಮೇ ತಿಂಗಳ ಸುದ್ದಿ 2008ರ ಡಿಸೆಂಬರ್‌ನಲ್ಲಿ ಯಾರಿಗೂ ಗೊತ್ತಿರಲಿಲ್ಲ, ನಿಯಮಕ್ಕೂ ಗೊತ್ತಿರಬಾರದು.

ಈಗ ಕಿಟಕಿಯನ್ನು ಒಂದು ವರ್ಷ ಮುಂದಕ್ಕೆ ಸರಿಸುತ್ತೇವೆ. 2006ರಿಂದ 2009ರವರೆಗೆ ಹೊಸದಾಗಿ ಆಯ್ಕೆ, 2010ರಲ್ಲಿ ಪರೀಕ್ಷೆ. ಮತ್ತೆ 2007ರಿಂದ 2010ರವರೆಗೆ ಆಯ್ಕೆ, 2011ರಲ್ಲಿ ಪರೀಕ್ಷೆ. ಹೀಗೆ ಸಾಗಿ ಕೊನೆಗೆ 2020ರಿಂದ 2023ರವರೆಗೆ ಆಯ್ಕೆ, 2024ರಲ್ಲಿ ಪರೀಕ್ಷೆ. ಒಟ್ಟು ಹದಿನಾರು ಪರೀಕ್ಷಾ ವರ್ಷಗಳು ಸಿಗುತ್ತವೆ. ಈ ಹದಿನಾರನ್ನು ಸಾಲಾಗಿ ಜೋಡಿಸಿದಾಗ ಬರುವ ಲೆಕ್ಕವೇ ನಿಯಮದ ನಂಬಬಹುದಾದ ಲೆಕ್ಕ. ಆಯ್ಕೆಯ ಅವಧಿಯ ಲಾಭವನ್ನು ಇದರಲ್ಲಿ ಸೇರಿಸುವುದಿಲ್ಲ.

ಮೇ 18ರ ಮಾಯೆ ಇಲ್ಲಿ ಹೇಗೆ ಬಯಲಾಗುತ್ತದೆಂದು ಗಮನಿಸಿ. ಆ ದಿನ 2010, 2011, 2012 ಮತ್ತು 2013ರ ಪರೀಕ್ಷೆಗಳಿಗೆ ಮುಂಚಿನ ಆಯ್ಕೆಯ ಕಿಟಕಿಗಳಲ್ಲಿ ಇರುತ್ತದೆ. ಅದೊಂದೇ ದಿನದ ಬಲದಿಂದ ಒಂದು ಜೋಡಿ ಗೆದ್ದು ಬಂದಿದ್ದರೆ, ಅಂಥ ಇನ್ನೊಂದು ದಿನವಿಲ್ಲದ ಪರೀಕ್ಷಾ ವರ್ಷದಲ್ಲಿ ಅದರ ಬಂಡವಾಳ ಹೊರಬೀಳುತ್ತದೆ. ಹಣ ಹಾಕಿದ ಮೇಲೆ ತಿಳಿಯಬೇಕಾಗಿದ್ದ ಸಂಗತಿ ಕಾಗದದ ಮೇಲೆಯೇ ತಿಳಿಯುತ್ತದೆ.

ಫಲಿತಾಂಶವನ್ನು ಓದುವುದು ಹೇಗೆ? ಕೇವಲ ಉದಾಹರಣೆಗೆಂದು ಎರಡು ನಿಯಮಗಳನ್ನು ಕಲ್ಪಿಸಿಕೊಳ್ಳಿ. ಮೊದಲನೆಯದು ಆಯ್ಕೆಯ ಅವಧಿಗಳಲ್ಲಿ ವರ್ಷಕ್ಕೆ ಸರಾಸರಿ ಶೇಕಡಾ 20 ಗಳಿಸಿ, ಪರೀಕ್ಷಾ ವರ್ಷಗಳಲ್ಲಿ ಶೇಕಡಾ 4 ಮಾತ್ರ ಗಳಿಸಿತು. ಎರಡನೆಯದು ಆಯ್ಕೆಯಲ್ಲಿ 12, ಪರೀಕ್ಷೆಯಲ್ಲಿ 9. ಮೊದಲನೆಯದು ತೋರಿಸಿದ್ದರಲ್ಲಿ ಐದನೆಯ ಒಂದು ಭಾಗವನ್ನಷ್ಟೇ ಉಳಿಸಿಕೊಂಡಿತು, ಎರಡನೆಯದು ಮುಕ್ಕಾಲು ಭಾಗವನ್ನು. ಅರ್ಧಕ್ಕಿಂತ ಕಡಿಮೆ ಉಳಿದರೆ ಅತಿಹೊಂದಿಕೆಯನ್ನು ಶಂಕಿಸಬೇಕೆಂಬುದು ಬಳಕೆಯಲ್ಲಿರುವ ಒಂದು ಸ್ಥೂಲ ಅಳತೆ. ಇನ್ನೊಂದು ಗುರುತೂ ಉಂಟು. ಆಯ್ಕೆಯಾಗುವ ಜೋಡಿ ಒಂದು ವರ್ಷ 10/60, ಮರುವರ್ಷ 45/220, ಅದರಾಚೆ 5/140 ಎಂದು ಹಾರಾಡುತ್ತಿದ್ದರೆ, ಅದು ಸ್ಥಿರವಾದ ಯಾವುದನ್ನೂ ಹಿಡಿದಿಲ್ಲ. ನಿಜವಾದ ಗುಣವಿದ್ದರೆ 20/100ರ ನೆರೆಹೊರೆಯಾದ 15/100 ಮತ್ತು 25/100 ಸಹ ಸುಮಾರಾಗಿ ಚೆನ್ನಾಗಿರಬೇಕು. ಲಾಭದ ನಕ್ಷೆ ಅಗಲವಾದ ದಿನ್ನೆಯಂತಿರಬೇಕು, ಬಯಲಿನಲ್ಲಿ ನೆಟ್ಟ ಒಂಟಿ ಕಂಬದಂತಲ್ಲ. ದಲ್ಲಾಳಿಯ ಕಮಿಷನ್ ಮತ್ತು ತೆರಿಗೆಯನ್ನು ಕಳೆದ ಮೇಲೆ, ಸುಮ್ಮನೆ ಸೂಚ್ಯಂಕವನ್ನು ಕೊಂಡು ಕೂತವನಿಗಿಂತ ಹೆಚ್ಚು ಉಳಿಯಿತೇ ಎಂದೂ ನೋಡಬೇಕು.

ಆದರೆ ಈ ವಿಧಾನಕ್ಕೂ ಮಿತಿಯಿದೆ. ಫಲಿತಾಂಶ ಚೆನ್ನಾಗಿಲ್ಲವೆಂದು ನಾಲ್ಕು ವರ್ಷದ ಕಿಟಕಿಯನ್ನು ಮೂರಕ್ಕೆ ಇಳಿಸಿ, ಹೊಸ ಷರತ್ತೊಂದನ್ನು ಸೇರಿಸಿ, ಹದಿನಾರೂ ವರ್ಷಗಳನ್ನು ಮತ್ತೆ ಮತ್ತೆ ನಡೆಸಿದರೆ, ನೋಡದ ಪ್ರಶ್ನೆಗಳು ನೋಡಿದ ಪ್ರಶ್ನೆಗಳಾಗುತ್ತವೆ. ಐವತ್ತನೆಯ ಸಲ ಚೆನ್ನಾಗಿ ಬಂದ ವಾಕ್-ಫಾರ್ವರ್ಡ್ ಪರೀಕ್ಷೆಯೂ ನಾಣ್ಯದಾಟದಲ್ಲಿ ಗೆದ್ದ ವಿದ್ಯಾರ್ಥಿಯೇ ಸರಿ. ಆದ್ದರಿಂದ ಕಿಟಕಿಯ ಅಳತೆಯನ್ನು ಮೊದಲೇ ಬರೆದಿಡಬೇಕು, ಎಷ್ಟು ಸಲ ಪ್ರಯತ್ನಿಸಿದೆವೆಂಬ ಎಣಿಕೆಯನ್ನೂ ಇಡಬೇಕು. ಇದಲ್ಲದೆ, ನಿಧಾನವಾದ ಜೋಡಿಗಳು ನಾಲ್ಕು ವರ್ಷಗಳಲ್ಲಿ ಕೊಂಡು ಮಾರುವುದು ಕೆಲವೇ ಬಾರಿ. ಅಷ್ಟು ಕಡಿಮೆ ಘಟನೆಗಳಿಂದ ಯಾವ ಪರೀಕ್ಷೆಯೂ ಗಟ್ಟಿಯಾದ ತೀರ್ಮಾನ ಕೊಡಲಾರದು. ಹುರುಳಿಲ್ಲದ ನಿಯಮಕ್ಕೆ ಈ ಪರೀಕ್ಷೆ ಹುರುಳನ್ನು ತುಂಬುವುದಿಲ್ಲ. ಹುರುಳಿಲ್ಲವೆಂಬುದನ್ನು ಕಡಿಮೆ ಖರ್ಚಿನಲ್ಲಿ ತಿಳಿಸುತ್ತದೆ.

ಒಂದು ಲಕ್ಷ ಎಂಟು ಲಕ್ಷವಾಗುತ್ತಿತ್ತು ಎಂದು ಮನೆಯಲ್ಲಿ ಯಾರಾದರೂ ಉತ್ಸಾಹದಿಂದ ಹೇಳಿದರೆ, ಎರಡೇ ಪ್ರಶ್ನೆ ಕೇಳಿ. ಈ ಒಂದು ನಿಯಮ ಸಿಗುವ ಮುಂಚೆ ಎಷ್ಟು ನಿಯಮಗಳನ್ನು ಪ್ರಯತ್ನಿಸಿ ಬಿಡಲಾಯಿತು? ಲಾಭ ತೋರಿಸಿದ ವರ್ಷಗಳು ನಿಯಮವನ್ನು ಆರಿಸುವಾಗ ಕಣ್ಣೆದುರಿಗೆ ಇದ್ದವೇ, ಇರಲಿಲ್ಲವೇ? ಇವೆರಡಕ್ಕೂ ಸ್ಪಷ್ಟವಾದ ಉತ್ತರ ಬಾರದಿದ್ದರೆ, ಆ ಎಂಟು ಲಕ್ಷ ನಿನ್ನೆಯದು. ನಾಳೆಯ ಲೆಕ್ಕಕ್ಕೆ ಅದನ್ನು ಸೇರಿಸುವಂತಿಲ್ಲ.